ಗ್ಲ್ಯಾಡಿಸ್ ಕಂಡದ್ದು ನಿಜ

ಇವತ್ತು ಬೆಳಿಗ್ಗೆ ತಂಗಿಯ ಮಗಳು ಕಾಲೇಜಿನ ಕ್ವಿಜ್‌ಗೆ ಓದಿಕೊಳ್ಳುತ್ತಿದ್ದವಳು ತಲೆಯೆತ್ತಿ ಕೇಳಿದಳು: "ದೊಡ್ಡಮ್ಮ, ಸದಾ ಇಣುಕಿ ನೋಡುವ ಪಕ್ಕದ ಮನೆಯಾಕೆ, ಜೊತೆಗೊಬ್ಬ ಎಡವಟ್ಟು ಬಾಸ್. ಯಾವ ಸಿಟ್‌ಕಾಮ್ ಹೇಳಿ ನೋಡೋಣ." ಹೇಳುವುದೇನು? ಇಂಥ ಜೋಡಿ ಇರುವ ಧಾರಾವಾಹಿಗಳು ಅಮೆರಿಕದಲ್ಲೇ ರಾಶಿ ಬಿದ್ದಿವೆ. ಅವಳ ಹಾಳೆಯಲ್ಲಿ ಮಾತ್ರ ಒಂದೇ ಉತ್ತರವಿತ್ತು: 'ಬಿವಿಚ್ಡ್'. ನನಗೆ ರೇಗಿತು. ಉತ್ತರ ತಪ್ಪೆಂದಲ್ಲ. ಆ ಧಾರಾವಾಹಿಯ ನೆರೆಯಾಕೆಯನ್ನು 'ಇಣುಕುವವಳು' ಎಂಬ ಒಂದು ಮಾತಿನಲ್ಲಿ ಮುಗಿಸಿಬಿಟ್ಟಿದ್ದಾರಲ್ಲ ಎಂದು.

ಹಾಸ್ಯಕ್ಕೆ ಅಚ್ಚು ಹಾಕಿದಂಥ ಪಾತ್ರಗಳು ಬೇಕು, ಪ್ರಾಚೀನ ಗ್ರೀಕ್ ನಾಟಕದಿಂದಲೂ ಅವು ಇವೆ. ಅದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಅಚ್ಚನ್ನು ನೋಡಿ ಧಾರಾವಾಹಿಯನ್ನು ಗುರುತಿಸಲಾಗುವುದಿಲ್ಲ. ಗುರುತಿಸಬೇಕಾದರೆ ಕೇಳಬೇಕಾದ ಪ್ರಶ್ನೆಗಳು ಬೇರೆ: ಆಕೆ ಎಲ್ಲಿಂದ ನೋಡುತ್ತಾಳೆ? ಏನನ್ನು ನೋಡುತ್ತಾಳೆ? ನೋಡಿದ್ದನ್ನು ಯಾರಿಗೆ ಹೇಳುತ್ತಾಳೆ, ಅವರು ನಂಬುತ್ತಾರೆಯೇ?

'ಬಿವಿಚ್ಡ್' 1964ರ ಸೆಪ್ಟೆಂಬರ್‌ನಲ್ಲಿ ಎಬಿಸಿ ವಾಹಿನಿಯಲ್ಲಿ ಶುರುವಾಗಿ 1972ರವರೆಗೆ ನಡೆಯಿತು. ತೊಂಬತ್ತರ ದಶಕದಲ್ಲಿ ನಮ್ಮ ಸೋನಿ ವಾಹಿನಿಯಲ್ಲಿ ಹಿಂದಿ ಮಾತಾಡಿಕೊಂಡು ಬಂದಾಗ ಇಲ್ಲಿಯೂ ಬಹಳ ಜನ ನೋಡಿದ್ದಾರೆ. ಸಮಂತಾ ಒಬ್ಬ ಮಾಟಗಾತಿ. ಮೂಗು ಅಲುಗಿಸಿದರೆ ಸಾಕು, ಬೇಕಾದ್ದು ಬಂದು ನಿಲ್ಲುತ್ತದೆ. ಗಂಡ ಡ್ಯಾರಿನ್ ಜಾಹೀರಾತು ಕಂಪನಿಯ ಮಾಮೂಲಿ ನೌಕರ. ಮಾಟವನ್ನು ಬಿಟ್ಟು ಎಲ್ಲರಂತೆ ಸಂಸಾರ ಮಾಡಬೇಕೆಂಬುದು ಅವನ ಆಸೆ. ಅವರ ಮನೆಯೆದುರು ರಸ್ತೆಯ ಆಚೆ ಬದಿಯಲ್ಲಿ ಗ್ಲ್ಯಾಡಿಸ್ ಕ್ರಾವಿಟ್ಜ್ ಮತ್ತು ಆಕೆಯ ಗಂಡ ಆಬ್ನರ್ ವಾಸ. ಗ್ಲ್ಯಾಡಿಸ್ ನಿಲ್ಲುವ ಜಾಗ ಕಿಟಕಿ. ಆಬ್ನರ್ ಕೂರುವ ಜಾಗ ಕುರ್ಚಿ, ಕೈಯಲ್ಲಿ ಪತ್ರಿಕೆ.

ಎರಡನೆಯ ಕಂತಿನಲ್ಲೇ ಈ ಇಬ್ಬರ ಹಣೆಬರಹ ತೀರ್ಮಾನವಾಗುತ್ತದೆ. ಸಮಂತಾ ತಾಯಿ ಎಂಡೋರಾಳನ್ನು ಕರೆದುಕೊಂಡು, ತಾವು ಕೊಳ್ಳಬೇಕೆಂದಿರುವ ಖಾಲಿ ಮನೆಯನ್ನು ನೋಡಲು ಬರುತ್ತಾಳೆ. ಸೋಫಾ ಇಲ್ಲಿದ್ದರೆ ಹೇಗೆ, ಪರದೆ ಅಲ್ಲಿದ್ದರೆ ಹೇಗೆ ಎಂದು ತಾಯಿ ಮಗಳು ಮಾಟದಿಂದಲೇ ಮನೆ ತುಂಬಿಸಿ ನೋಡುತ್ತಾರೆ. ಎದುರು ಮನೆಯಿಂದ ಗ್ಲ್ಯಾಡಿಸ್ ಇದನ್ನು ಕಾಣುತ್ತಾಳೆ. ಕಣ್ಣೆದುರೇ ಇಲ್ಲದ್ದು ಇದ್ದದ್ದಾಯಿತು! ಗಂಡನನ್ನು ಕೂಗಿ ಎಬ್ಬಿಸುತ್ತಾಳೆ. ಆತ ಗೊಣಗುತ್ತಾ ಬಂದು ನೋಡುವಷ್ಟರಲ್ಲಿ ಮನೆ ಮೊದಲಿನಂತೆ ಬಣಬಣ. ಮುಂದೆ ಆಕೆ ಬರುವ ಕಂತುಗಳಲ್ಲೆಲ್ಲ ಇದೇ ನಾಲ್ಕು ಹೆಜ್ಜೆ: ನೋಡುವುದು, ಕೂಗುವುದು, ಗಂಡ ತಡವಾಗಿ ಬರುವುದು, ಅಷ್ಟರಲ್ಲಿ ಎಲ್ಲ ಸರಿಯಾಗಿಬಿಡುವುದು.

ಹಾಸ್ಯ ಹುಟ್ಟುವುದು ಮೂರನೆಯ ಹೆಜ್ಜೆಯಲ್ಲಿ. ಗಂಡ ಬರುವುದು ಒಂದು ಕ್ಷಣ ತಡವಾಗಲೇಬೇಕು. ಒಂದೇ ಒಂದು ಸಲ ಆಬ್ನರ್ ಪತ್ರಿಕೆ ಕೆಳಗಿಟ್ಟು ಬೇಗ ಎದ್ದು ಬಂದಿದ್ದರೆ, ತೇಲುತ್ತಿರುವ ಕುರ್ಚಿಯನ್ನೋ ತನ್ನಷ್ಟಕ್ಕೆ ತೆರೆದುಕೊಳ್ಳುವ ಬಾಗಿಲನ್ನೋ ಅವನೂ ಕಂಡಿದ್ದರೆ, ಧಾರಾವಾಹಿ ಅಲ್ಲಿಗೇ ನಿಲ್ಲುತ್ತಿತ್ತು. ಎಂಟು ವರ್ಷ ಆ ಮನೆಯ ಗುಟ್ಟು ಉಳಿದದ್ದಕ್ಕೆ ಸಮಂತಾಳ ಜಾಣತನ ಎಷ್ಟು ಕಾರಣವೋ ಆಬ್ನರನ ಸೋಮಾರಿತನವೂ ಅಷ್ಟೇ ಕಾರಣ. ಮತ್ತೆ ನೆನಪಿಡಬೇಕಾದ ಮಾತು: ಗ್ಲ್ಯಾಡಿಸ್ ಕಂಡದ್ದು ಪ್ರತಿಸಲವೂ ನಿಜ. ಆಕೆ ಸುಳ್ಳು ಹೇಳುವುದಿಲ್ಲ, ಉತ್ಪ್ರೇಕ್ಷೆ ಮಾಡುವುದಿಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳುತ್ತಾಳೆ. ಆ ರಸ್ತೆಯಲ್ಲಿ ಸತ್ಯ ಗೊತ್ತಿರುವ ಹೊರಗಿನವಳು ಅವಳೊಬ್ಬಳೇ. ಅವಳಿಗೆ ಸಿಗುವ ಉತ್ತರ, ಔಷಧಿ ಕುಡಿ ಎಂಬುದು. ಇಂಥವಳನ್ನು ಪ್ರಶ್ನೆ ಬರೆದವರು ಬರಿಯ ಇಣುಕುವವಳು ಅಂದರೆ ಹೇಗೆ ಸಹಿಸಲಿ?

ಮೊದಲು ಈ ಪಾತ್ರವನ್ನು ಮಾಡಿದವರು ಆಲಿಸ್ ಪಿಯರ್ಸ್. ಧಾರಾವಾಹಿ ಶುರುವಾಗುವ ಮುಂಚೆಯೇ ಅವರಿಗೆ ಕ್ಯಾನ್ಸರ್ ಇರುವುದು ಗೊತ್ತಾಗಿತ್ತು. 1966ರ ಮಾರ್ಚ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಈ ಪಾತ್ರಕ್ಕೆ ಎಮ್ಮಿ ಪ್ರಶಸ್ತಿ ಬಂತು, ಅವರ ಪರವಾಗಿ ಪತಿ ಸ್ವೀಕರಿಸಿದರು. ಆಮೇಲೆ ಬಂದವರು ಸ್ಯಾಂಡ್ರಾ ಗೌಲ್ಡ್. ಅವರ ಗ್ಲ್ಯಾಡಿಸ್ ಜೋರು ಗಂಟಲಿನವಳು, ಸಿಟ್ಟಿನವಳು. ಹಿಡಿದು ತೋರಿಸಿಯೇ ತೀರುತ್ತೇನೆ ಎಂಬ ಹಟದವಳು. ಪಿಯರ್ಸ್ ಅವರ ಗ್ಲ್ಯಾಡಿಸ್ ಮುಖದಲ್ಲಿ ಇದ್ದದ್ದು ಗಾಬರಿ. ತನ್ನ ಕಣ್ಣನ್ನು ತಾನು ನಂಬಬೇಕೋ ಬಿಡಬೇಕೋ ಎಂಬ ನಿಜವಾದ ಕಳವಳ. ನನಗೆ ಇಂದಿಗೂ ಪಿಯರ್ಸ್ ಅವರೇ ಗ್ಲ್ಯಾಡಿಸ್. ಅಚ್ಚು ಒಂದೇ, ಹೆಸರು ಒಂದೇ, ಕಿಟಕಿಯೂ ಅದೇ. ಆದರೂ ನಟಿ ಬದಲಾದಾಗ ಹೆಂಗಸೇ ಬದಲಾದಳು.

ಗ್ಲ್ಯಾಡಿಸ್‌ಳ ಈ ನೋಟದ ವಿಷಯ ಬಂದಾಗಲೆಲ್ಲ ನನಗೆ ಮಂಥರೆ ನೆನಪಾಗುತ್ತಾಳೆ. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಆಕೆ ಉಪ್ಪರಿಗೆ ಹತ್ತಿ ನಿಂತು ಊರನ್ನು ನೋಡುತ್ತಾಳೆ. ಬೀದಿಗೆ ನೀರು ಚಿಮುಕಿಸಿದೆ, ಹೂ ಚೆಲ್ಲಿದೆ, ಬಾವುಟ ಹಾರುತ್ತಿದೆ. ಏನಿದು ಸಂಭ್ರಮ ಎಂದು ಹತ್ತಿರದಲ್ಲಿದ್ದ ದಾದಿಯನ್ನು ಕೇಳಿ, ನಾಳೆ ರಾಮನಿಗೆ ಪಟ್ಟ ಎಂದು ತಿಳಿದು, ಮಲಗಿದ್ದ ಕೈಕೇಯಿಯ ಬಳಿಗೆ ಓಡುತ್ತಾಳೆ. ಎತ್ತರದಿಂದ ನೋಡುವುದು, ಕಂಡವರನ್ನು ವಿಚಾರಿಸುವುದು, ಒಳಗೆ ಓಡಿ ಕೂಗುವುದು, ಎಲ್ಲ ಗ್ಲ್ಯಾಡಿಸ್ ಮಾಡಿದ್ದೇ. ಮಲಗಿದ್ದವರನ್ನು ಎಬ್ಬಿಸುವುದು ಕೂಡ ಇಲ್ಲಿದೆ! ಮೊದಲಿಗೆ ಕೈಕೇಯಿಯೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಸಂತೋಷದ ಸುದ್ದಿ ತಂದಳೆಂದು ಒಡವೆ ಕೊಡುತ್ತಾಳೆ. ಕಥೆ ಅಲ್ಲಿಗೇ ನಿಂತಿದ್ದರೆ ಮಂಥರೆ ಹಾಸ್ಯದ ಪಾತ್ರವಾಗಿ ಉಳಿಯುತ್ತಿದ್ದಳು. ಆದರೆ ಕೈಕೇಯಿ ಕೊನೆಗೆ ಅವಳ ಮಾತಿಗೆ ಒಪ್ಪಿದಳು. ಇಣುಕಿ ನೋಡಿದವಳ ಮಾತಿಗೆ ಮನೆಯವರು ಒಲಿದರೆ ಕಥೆ ಕಾಡಿಗೆ ಹೊರಡುತ್ತದೆ. ಒಲಿಯದಿದ್ದರೆ ಮುಂದಿನ ವಾರದ ಕಂತಿಗೆ ಹೊರಡುತ್ತದೆ. ದುರಂತಕ್ಕೂ ಹಾಸ್ಯಕ್ಕೂ ಇರುವ ದೂರ ಇಷ್ಟೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಈ ಲೆಕ್ಕ ಹಿಡಿದು ಹೋದರೆ ಗುರುತಿಸುವುದು ಸುಲಭ. 'ಐ ಡ್ರೀಮ್ ಆಫ್ ಜೀನಿ' ತೆಗೆದುಕೊಳ್ಳಿ. 'ಬಿವಿಚ್ಡ್' ಗೆದ್ದದ್ದು ನೋಡಿ ಎನ್‌ಬಿಸಿಯವರು 1965ರಲ್ಲಿ ತಂದದ್ದು. ಗಗನಯಾತ್ರಿ ಟೋನಿ ನೆಲ್ಸನ್ ಮನೆಯಲ್ಲಿ ಸೀಸೆಯೊಳಗಿನ ಜೀನಿ ಇದ್ದಾಳೆ. ಇಲ್ಲಿ ಅನುಮಾನ ಪಡುವವನು ನಾಸಾದ ಮನೋವೈದ್ಯ, ಕರ್ನಲ್ ಬೆಲ್ಲೋಸ್. ಹುದ್ದೆಯಲ್ಲಿ ನೆಲ್ಸನ್‌ಗಿಂತ ಮೇಲಿನವನು. ಅಂದರೆ ಇಣುಕುವ ನೆರೆಯವರನ್ನೂ ಮೇಲಧಿಕಾರಿಯನ್ನೂ ಒಬ್ಬನೇ ಮನುಷ್ಯನಲ್ಲಿ ಸೇರಿಸಿಬಿಟ್ಟಿದ್ದಾರೆ. ಅವನು ಕಂಡದ್ದೂ ನಿಜ; ಜನರಲ್‌ನನ್ನು ಕರೆತಂದಾಗ ಅವನಿಗೂ ತೋರಿಸಲು ಏನೂ ಉಳಿದಿರುವುದಿಲ್ಲ. ಹುಚ್ಚರನ್ನು ಗುಣಪಡಿಸುವವನನ್ನೇ ಜನ ಅನುಮಾನದಿಂದ ನೋಡುವ ಹಾಗಾಗುತ್ತದೆ.

1977ರ 'ತ್ರೀಸ್ ಕಂಪನಿ'ಯಲ್ಲಿ ಮಾಟವಿಲ್ಲ, ಗುಟ್ಟು ಇದೆ. ಇಬ್ಬರು ಹುಡುಗಿಯರ ಜೊತೆ ಒಬ್ಬ ಹುಡುಗ ಒಂದೇ ಮನೆಯಲ್ಲಿ ಬಾಡಿಗೆಗಿದ್ದಾನೆ. ಮನೆ ಮಾಲೀಕ ರೋಪರ್ ಒಪ್ಪಲೆಂದು, ಹುಡುಗನಿಗೆ ಹೆಂಗಸರಲ್ಲಿ ಆಸಕ್ತಿಯೇ ಇಲ್ಲ, ಅವನು ಸಲಿಂಗಿ ಎಂದು ಹೇಳಿಟ್ಟಿದ್ದಾರೆ. ಇಲ್ಲಿ ಎಡವಟ್ಟಿಗೆ ಕಾರಣ ಕಿವಿ. ಬಾಗಿಲ ಹಿಂದಿನಿಂದ ಅರ್ಧ ಮಾತು ಕೇಳಿಸಿಕೊಂಡು ಪೂರ್ತಿ ತಪ್ಪು ತಿಳಿಯುವುದು. ರೋಪರ್‌ನ ಹೆಂಡತಿಗೆ ನಿಜ ಗೊತ್ತು, ಆದರೂ ಬಾಯಿ ಬಿಡುವುದಿಲ್ಲ. ಗ್ಲ್ಯಾಡಿಸ್ ಮನೆಯ ಚಿತ್ರ ಇಲ್ಲಿ ತಲೆಕೆಳಗಾಗಿದೆ: ಗಂಡನಿಗೆ ತಿಳಿಯದ್ದನ್ನು ತಿಳಿದೂ ಹೆಂಡತಿ ಹುಡುಗರ ಪಕ್ಷ ಸೇರಿದ್ದಾಳೆ. ಹಾಗಾಗಿ ಕಿಟಕಿ, ಮಾಟ, ನಂಬದ ಗಂಡ ಎಂದರೆ ಒಂದು ಧಾರಾವಾಹಿ. ಬಾಗಿಲು, ಅರ್ಧ ಮಾತು, ಸುಮ್ಮನಿರುವ ಹೆಂಡತಿ ಎಂದರೆ ಇನ್ನೊಂದು. 'ಸೈನ್‌ಫೆಲ್ಡ್'ನ ಕ್ರೇಮರ್‌ಗೆ ಯಾವ ಗುಟ್ಟೂ ಬೇಕಿಲ್ಲ. ಎದುರು ಮನೆಯಿಂದ ಬಾಗಿಲು ತಳ್ಳಿಕೊಂಡು ಜಾರುತ್ತಾ ಬಂದು ನೇರ ಫ್ರಿಜ್ ತೆಗೆಯುತ್ತಾನೆ. ಅವನನ್ನು ಇಣುಕುವವರ ಸಾಲಿಗೆ ಸೇರಿಸಲಾಗದು.

ಬಾಸ್ ವಿಷಯ ಹೆಚ್ಚು ಹೇಳುವುದಿಲ್ಲ. ಪ್ರಶ್ನೆಯ ನಿಜವಾದ ತಪ್ಪು ಇರುವುದು ಇಲ್ಲಿ. 'ಬಿವಿಚ್ಡ್'ನ ಲ್ಯಾರಿ ಟೇಟ್ ಎಡವಟ್ಟಿನವನೇ ಅಲ್ಲ, ಗಿರಾಕಿಯ ಮುಖ ನೋಡಿ ಮಾತು ಬದಲಿಸುವವನು. ಡ್ಯಾರಿನ್ ಬರೆದ ಜಾಹೀರಾತನ್ನು ಗಿರಾಕಿ ಒಪ್ಪದಿದ್ದರೆ ಲ್ಯಾರಿಯೂ ಬೈಯುತ್ತಾನೆ. ಗಿರಾಕಿ ಮನಸ್ಸು ಬದಲಿಸಿದರೆ ಅದೇ ಉಸಿರಿನಲ್ಲಿ ಹೊಗಳುತ್ತಾನೆ. ಕೆಲಸದಿಂದ ತೆಗೆದವನನ್ನು ಮತ್ತೆ ಕರೆದುಕೊಳ್ಳುತ್ತಾನೆ. ಎಡವಟ್ಟು ಬಾಸ್ ಬೇಕಾದರೆ 'ದಿ ಆಫೀಸ್' ನೋಡಬೇಕು. ಬ್ರಿಟನ್ನಿನ ಸ್ಲೌ ಊರಿನ ಡೇವಿಡ್ ಬ್ರೆಂಟ್, 2001. ಅಮೆರಿಕದ ಸ್ಕ್ರ್ಯಾಂಟನ್ನಿನ ಮೈಕಲ್ ಸ್ಕಾಟ್, 2005. ಇಬ್ಬರದೂ ಕಾಗದ ಮಾರುವ ಕಂಪನಿ. ಅವರನ್ನು ಗುರುತಿಸುವ ಬಗೆಯೂ ನೋಟದಲ್ಲೇ ಇದೆ: ಬಾಸ್ ಆಡಬಾರದ್ದನ್ನು ಆಡಿದ ಕೂಡಲೇ ಯಾರೋ ಒಬ್ಬರು ಕ್ಯಾಮೆರಾದತ್ತ ತಿರುಗುತ್ತಾರೆ. ನಗುವಿನ ಸದ್ದು ಹಾಕುವ ಬದಲು ನಮ್ಮನ್ನೇ ಸಾಕ್ಷಿ ಕರೆಯುತ್ತಾರೆ. ಅಲ್ಲಿ ಇಣುಕುವ ನೆರೆಯವರು ಬೇಡವಾದದ್ದು ಇದಕ್ಕೇ. ಆ ಕೆಲಸ ನಮಗೇ ಬಂದಿದೆ.

ಎರಡೂ ಅಚ್ಚುಗಳನ್ನು ತಿಳಿದೇ ಬಳಸಿದ್ದು 2021ರ 'ವಾಂಡಾವಿಷನ್'. ಮೊದಲ ಕಂತಿನಲ್ಲಿ ಬಾಸ್ ಹಾರ್ಟ್ ದಂಪತಿ ಊಟಕ್ಕೆ ಬರುತ್ತಾರೆ, ಪಕ್ಕದ ಮನೆಯ ಆಗ್ನೆಸ್ ಅಡುಗೆಗೆ ಸಾಮಾನು ತಂದುಕೊಡುತ್ತಾಳೆ. ಎಲ್ಲ ಕಪ್ಪುಬಿಳುಪು, ಎಲ್ಲ ಪರಿಚಿತ. ಎರಡನೆಯ ಕಂತು 'ಬಿವಿಚ್ಡ್'ನ ಬಣ್ಣವನ್ನೇ ಹಚ್ಚಿಕೊಂಡಿದೆ. ಮೊದಲ ಕಂತಿನ ಆ ಊಟದ ಮೇಜಿನಲ್ಲೇ ಬಾಸ್, ನೀವು ಎಲ್ಲಿಂದ ಬಂದವರು, ಯಾಕೆ ಬಂದಿರಿ ಎಂದು ಕೇಳುತ್ತಾ ಹೋಗಿ, ಗಂಟಲಿಗೆ ತುತ್ತು ಸಿಕ್ಕಿ ಕೆಳಗೆ ಬೀಳುತ್ತಾನೆ. ಅವನ ಹೆಂಡತಿ ನಗುತ್ತಲೇ, ನಿಲ್ಲಿಸು ನಿಲ್ಲಿಸು ಎನ್ನುತ್ತಾಳೆ. ನಗುವಿನ ಸದ್ದು ನಿಂತುಹೋಗುತ್ತದೆ. ಹಾಸ್ಯದ ಅಚ್ಚು ಬಿರುಕು ಬಿಟ್ಟದ್ದು ಬೆನ್ನಹುರಿಗೆ ತಟ್ಟುವ ಕ್ಷಣ ಅದು. ಇನ್ನು ಆಗ್ನೆಸ್: ಅವಳನ್ನು ನೋಡಿದೊಡನೆ, ಓ ಇವಳು ಗ್ಲ್ಯಾಡಿಸ್ ಜಾತಿಯವಳು ಎಂದು ನಾವು ಗುರುತಿಸಿ ಸುಮ್ಮನಾಗುತ್ತೇವೆ. ಏಳನೆಯ ಕಂತಿಗೆ ಗೊತ್ತಾಗುತ್ತದೆ, ಆಕೆಯೇ ಮಾಟಗಾತಿ ಅಗಾಥಾ ಎಂದು. ಅಚ್ಚನ್ನು ಗುರುತಿಸಿದ ಜಾಣರೇ ಮೊದಲು ಮೋಸ ಹೋಗುವಂತೆ ಕಟ್ಟಿದ ಕಥೆ. ಇಂಥ ಬರವಣಿಗೆಯನ್ನು ಕಂಡರೆ ನನಗೆ ಹೊಟ್ಟೆ ತುಂಬುತ್ತದೆ.

ಆಗ್ನೆಸ್ ಮಾತುಮಾತಿಗೆ ಗಂಡ ರಾಲ್ಫ್‌ನ ಹೆಸರೆತ್ತುತ್ತಾಳೆ. ಗಂಡನೆಂದು ಅವನನ್ನು ಕರೆತಂದು ತೋರಿಸುವುದಿಲ್ಲ. ಆಬ್ನರ್ ಆದರೂ ಕುರ್ಚಿಯಲ್ಲಿ ಇದ್ದ. ಹೀಗೆ ಮಾತಿನಲ್ಲಷ್ಟೇ ಬದುಕುವವರದ್ದೇ ಒಂದು ಕುಲ; 'ಫ್ರೇಸಿಯರ್'ನಲ್ಲಿ ನೈಲ್ಸ್‌ನ ಹೆಂಡತಿ ಮಾರಿಸ್ ಅದರ ಮಹಾರಾಣಿ. ಅವಳು ಎಷ್ಟು ತೆಳ್ಳಗೆ, ಎಷ್ಟು ಬೆಳ್ಳಗೆ, ಎಷ್ಟು ವಿಚಿತ್ರ ಎಂದು ಉಳಿದವರು ಹೇಳಿ ಹೇಳಿ, ಕೊನೆಗೆ ಭೂಮಿಯ ಮೇಲಿನ ಯಾವ ನಟಿಯೂ ಆ ಪಾತ್ರಕ್ಕೆ ಹೊಂದದಂತಾಯಿತು. 'ಹೋಮ್ ಇಂಪ್ರೂವ್‌ಮೆಂಟ್'ನ ಪಕ್ಕದ ಮನೆಯ ವಿಲ್ಸನ್ ಇನ್ನೊಂದು ಬಗೆ: ಬೇಲಿಯಾಚೆ ನಿಂತು ಒಳ್ಳೆಯ ಬುದ್ಧಿ ಹೇಳುತ್ತಾನೆ, ಕಣ್ಣು ಹಣೆ ಬಿಟ್ಟರೆ ಮುಖ ಕಾಣುವುದಿಲ್ಲ. ಎಲ್ಲ ಧಾರಾವಾಹಿಗಳಲ್ಲೂ ನೆರೆಯವರು ನಮ್ಮನ್ನು ಇಣುಕಿದರೆ, ಇಲ್ಲಿ ನೆರೆಯವನ ಮುಖಕ್ಕಾಗಿ ನಾವೇ 1991ರಿಂದ 1999ರವರೆಗೆ ಬೇಲಿಯ ಮೇಲೆ ಇಣುಕಿದೆವು. ಕೊನೆಯ ಕಂತು ಮುಗಿದು ಕಲಾವಿದರೆಲ್ಲ ಕೈಮುಗಿಯಲು ಬಂದಾಗ ನಟ ಅರ್ಲ್ ಹಿಂಡ್‌ಮನ್ ಪುಟ್ಟದೊಂದು ಬೇಲಿಯನ್ನು ಮುಖಕ್ಕೆ ಹಿಡಿದುಕೊಂಡೇ ಬಂದು, ಆಮೇಲೆ ಅದನ್ನು ಕೆಳಗಿಳಿಸಿದರು. ತೋರಿಸಬಾರದಿತ್ತು ಎಂದು ವಾದಿಸುವವರಿದ್ದಾರೆ. ನಾನು ಅವರ ಪಕ್ಷವಲ್ಲ. ಅಷ್ಟು ವರ್ಷ ಕಾದ ನೋಡುಗರಿಗೆ ಅದು ಸಲ್ಲಬೇಕಾದದ್ದೇ. ಮಾರಿಸ್ ವಿಷಯದಲ್ಲಿ ಮಾತ್ರ ಹಾಗೆ ಮಾಡಿದ್ದರೆ ನಾನು ಕ್ಷಮಿಸುತ್ತಿರಲಿಲ್ಲ.