ಗಾಜಿನ ಜಾಡಿಯೊಳಗಿನ ಮಳೆ

ಲಂಡನ್ ನಗರದಲ್ಲಿ ನೆಥೇನಿಯಲ್ ವಾರ್ಡ್ ಎಂಬ ವೈದ್ಯನೊಬ್ಬನಿದ್ದನು. ಆತನಿಗೆ ಜರೀಗಿಡಗಳಲ್ಲಿ ಬಹಳ ಪ್ರೀತಿ. ಆದರೆ ಆ ಊರಿನ ಕಲ್ಲಿದ್ದಲ ಹೊಗೆಯಲ್ಲಿ ಅವು ಬದುಕುತ್ತಿರಲಿಲ್ಲ. 1829ರಲ್ಲಿ ಆತನು ಪತಂಗವೊಂದರ ಕೋಶವನ್ನು ತೇವದ ಮಣ್ಣಿನಲ್ಲಿ ಹುದುಗಿಸಿ, ಗಾಜಿನ ಸೀಸೆಯೊಂದರಲ್ಲಿಟ್ಟು ಮುಚ್ಚಳ ಹಾಕಿದ್ದನು. ಕೆಲವು ದಿನಗಳಲ್ಲಿ ಆ ಮಣ್ಣಿನಿಂದ ಒಂದು ಜರೀಗಿಡವೂ ಒಂದು ಹುಲ್ಲೂ ತಾವಾಗಿ ತಲೆಯೆತ್ತಿದವು. ಯಾರೂ ನೀರೆರೆಯದೆ ಅವು ಸುಮಾರು ನಾಲ್ಕು ವರ್ಷ ಬಾಳಿದವು. ಅವು ಸತ್ತುದು ಬಾಯಾರಿಕೆಯಿಂದಲ್ಲ. ವಾರ್ಡನು ಊರಿನಲ್ಲಿಲ್ಲದ ಕಾಲದಲ್ಲಿ ಮುಚ್ಚಳವು ತುಕ್ಕುಹಿಡಿದು, ಮಳೆಯ ನೀರು ಒಳಹೊಕ್ಕು ಅವನ್ನು ಕೊಂದಿತು.

ಟೆರೇರಿಯಂ ಎಂದು ಈಗ ಕರೆಯುವ ಮುಚ್ಚಿದ ಗಾಜಿನ ತೋಟದ ಮರ್ಮವೆಲ್ಲವೂ ಈ ವೃತ್ತಾಂತದಲ್ಲಿ ಅಡಗಿದೆ. ಬೇರು ಹೀರಿದ ನೀರನ್ನು ಎಲೆಯು ಆವಿಯಾಗಿ ಬಿಡುತ್ತದೆ. ಆವಿಯು ತಣ್ಣನೆಯ ಗಾಜಿಗೆ ತಗುಲಿ ಹನಿಯಾಗುತ್ತದೆ. ಹನಿಯು ಇಳಿದು ಮತ್ತೆ ಬೇರನ್ನು ಸೇರುತ್ತದೆ. ಹೊರಗಿನಿಂದ ಬರುವುದೂ ಇಲ್ಲ, ಹೊರಕ್ಕೆ ಹೋಗುವುದೂ ಬಹು ಸ್ವಲ್ಪ. ಆದುದರಿಂದ ಒಮ್ಮೆ ಹೆಚ್ಚಾಗಿ ಹೊಯ್ದ ನೀರು ಕುಂಡದಲ್ಲಾಗುವಂತೆ ತಾನಾಗಿ ಹರಿದುಹೋಗದು. ಅದನ್ನು ನಾವೇ ತೆಗೆಯಬೇಕು.

ನನ್ನ ತಂಗಿಯು ಚಿತ್ರದುರ್ಗದಲ್ಲಿದ್ದಾಳೆ. ತೀರ್ಥಹಳ್ಳಿಯ ಕಡೆಯ ನಮ್ಮ ಹಿರಿಯರ ಮನೆಯು ಮಾರಾಟವಾಗಿ, ಹಿತ್ತಲಿನ ಬಾವಿಯನ್ನು ಮುಚ್ಚುವರೆಂದು ತಿಳಿದಾಗ, ಆ ಬಾವಿಯ ಕಲ್ಲುಗಳ ಸಂದಿನಲ್ಲಿ ಬೆಳೆದಿದ್ದ ಜರೀಗಿಡದ ಒಂದು ಬುಡವನ್ನು ಅವಳು ಕಿತ್ತು ತಂದಳು. ನಮ್ಮ ತಾಯಿ ನೀರು ಸೇದುವಾಗ ದಿನವೂ ನೋಡುತ್ತಿದ್ದ ಗಿಡವದು. ಕಪ್ಪು ಕೂದಲಿನಂತಹ ಕಡ್ಡಿ, ಬೀಸಣಿಗೆಯಾಕಾರದ ಎಳೆಯ ಎಲೆ; ಸಸ್ಯಶಾಸ್ತ್ರಜ್ಞರು ಅಡಿಯಾಂಟಮ್ ಎನ್ನುವ ಕುಲ. ನಮ್ಮ ವೈದ್ಯರ ಹಂಸಪದಿಯೂ ಈ ಕುಲದ್ದೆಂದೇ ಹೇಳುತ್ತಾರೆ. ಬಯಲುಸೀಮೆಯ ಒಣಗಾಳಿಯಲ್ಲಿ ಕುಂಡದಲ್ಲಿಟ್ಟರೆ ಇದು ಒಂದು ವಾರದಲ್ಲಿ ಸುರುಟಿಹೋಗುತ್ತದೆ. ಅದಕ್ಕೆ ಗಾಜಿನ ಜಾಡಿಯೊಂದೇ ಗತಿಯಾಯಿತು.

ಜಾಡಿಯೊಳಕ್ಕೆ ಎಂತಹ ಗಿಡ ಸಲ್ಲುವುದೆಂಬುದಕ್ಕೆ ಒಂದೇ ಪರೀಕ್ಷೆ: ಅದರ ಹುಟ್ಟೂರು ನೆರಳೂ ತೇವವೂ ಉಳ್ಳದ್ದೇ? ಹಾವಸೆ, ಸಣ್ಣ ಜಾತಿಯ ಜರೀಗಿಡಗಳು, ಸೆಲಾಜಿನೆಲ್ಲ, ಎಲೆಯ ಮೇಲೆ ಬಲೆಯಂತೆ ನರಗಳುಳ್ಳ ಫಿಟೋನಿಯ, ಇವು ಸಲ್ಲುತ್ತವೆ. ಕಳ್ಳಿ, ಲೋಳೆಸರ ಮೊದಲಾದವು ಅಲ್ಲಿ ಕೊಳೆಯುತ್ತವೆ. ತುಲಸಿಯಂತೆ ಬಿಸಿಲನ್ನು ಬೇಡುವ ಗಿಡವೂ ಸಲ್ಲದು. ಏಕೆಂದರೆ ಮುಚ್ಚಿದ ಗಾಜನ್ನು ನೇರ ಬಿಸಿಲಿನಲ್ಲಿಟ್ಟರೆ ಒಳಗಿನ ಗಾಳಿಯು ಕಾದು ಎಲೆಗಳು ಬೆಂದಂತಾಗುತ್ತವೆ. ತಂಗಿಯ ಜರೀಗಿಡದ ಸ್ವಭಾವದಲ್ಲಿ ಒಂದು ಸೂಕ್ಷ್ಮವಿದೆ. ಅದಕ್ಕೆ ಗಾಳಿಯಲ್ಲಿ ತೇವ ಬೇಕು, ಆದರೆ ಎಲೆಯ ಮೇಲೆ ಸದಾ ನೀರು ನಿಲ್ಲಬಾರದು. ಬಾವಿಯ ಕಲ್ಲಿನ ಮೇಲೆ ಅದಕ್ಕೆ ಎರಡೂ ದೊರೆತಿದ್ದವು.

ಅವಳು ಐದು ಸೇರು ಉಪ್ಪಿನಕಾಯಿ ಹಿಡಿಸುವಂತಹ ಗಾಜಿನ ಜಾಡಿಯನ್ನು ತೊಳೆದು ಒಣಗಿಸಿದಳು. ಎತ್ತರ ಹತ್ತು ಅಂಗುಲ. ತಳಕ್ಕೆ ತೊಳೆದ ಸಣ್ಣ ಜಲ್ಲಿ ಒಂದು ಅಂಗುಲ. ಅದರ ಮೇಲೆ ಇದ್ದಲಿನ ಚೂರು ಅರ್ಧ ಅಂಗುಲ. ಮಣ್ಣು ಕೆಳಗಿಳಿಯದಂತೆ ಸೊಳ್ಳೆಪರದೆಯ ಬಟ್ಟೆಯ ಒಂದು ತುಂಡು. ಅದರ ಮೇಲೆ ತೆಂಗಿನ ನಾರಿನ ಪುಡಿ, ಎಲೆಗೊಬ್ಬರ, ಮರಳುಗಳನ್ನು ಬೆರೆಸಿದ ಮಣ್ಣು ಎರಡು ಅಂಗುಲ. ಮಿಕ್ಕ ಎರಡು ಪಾಲು ಗಾಳಿಗೆ.

ಜಲ್ಲಿಯಿದ್ದರೆ ನೀರು ಬಸಿದುಹೋಗುತ್ತದೆಂದು ಅನೇಕರು ಭಾವಿಸುತ್ತಾರೆ. ತಳದಲ್ಲಿ ತೂತೇ ಇಲ್ಲದ ಜಾಡಿಯಲ್ಲಿ ನೀರು ಬಸಿದು ಹೋಗುವುದಾದರೂ ಎಲ್ಲಿಗೆ? ಅಷ್ಟೇ ಅಲ್ಲ, ನುಣ್ಣನೆಯ ಮಣ್ಣು ತಾನು ಪೂರ್ಣವಾಗಿ ನೆನೆಯುವವರೆಗೆ ಕೆಳಗಿನ ಒರಟು ಜಲ್ಲಿಗೆ ಒಂದು ಹನಿಯನ್ನೂ ಬಿಟ್ಟುಕೊಡದು. ಹಾಗಾದರೆ ಜಲ್ಲಿಯ ಪ್ರಯೋಜನವೇನೆಂದರೆ, ಮಿಕ್ಕ ನೀರು ಅಲ್ಲಿ ನಿಂತು ನಮ್ಮ ಕಣ್ಣಿಗೆ ಬೀಳುತ್ತದೆ, ಬೇರುಗಳು ಆ ಮಡುವಿನಿಂದ ಮೇಲಿರುತ್ತವೆ. ಜಲ್ಲಿಯಲ್ಲಿ ನೀರು ಕಂಡಿತೆಂದರೆ ಮೇಲಿನ ಮಣ್ಣು ಅದಕ್ಕಿಂತ ಮುಂಚೆಯೇ ತೊಯ್ದಿದೆ ಎಂದು ಅರ್ಥ. ಇದ್ದಲು ವಾಸನೆಯನ್ನು ತುಸು ಹೀರಬಹುದು. ಬೂಷ್ಟನ್ನು ತಡೆಯುವ ಶಕ್ತಿ ಅದಕ್ಕಿಲ್ಲ.

ಮೂರನೆಯ ವಾರದಲ್ಲಿ ತಂಗಿಯು, "ಅಣ್ಣಯ್ಯ, ಗಾಜೆಲ್ಲ ಬೆವರುತ್ತಿದೆ, ಒಳಗೆ ಏನೂ ಕಾಣಿಸದು. ಬಾವಿಯ ಗಿಡ ಹೋಗಿಬಿಡುತ್ತದೆಯೋ ಏನೋ" ಎಂದು ಹೇಳಿ ಕಳುಹಿಸಿದಳು. ನಾನು ಹೋಗಿ ಒಂದು ದಿನವೆಲ್ಲ ಅದನ್ನು ನೋಡುತ್ತ ಕುಳಿತೆನು. ಬೆಳಗ್ಗೆ ಕಿಟಕಿಯ ಕಡೆಯ ಗಾಜಿನ ಮೇಲೆ ಮಾತ್ರ ಮಂಜು ಕಟ್ಟಿ, ಹೊತ್ತೇರಿದಂತೆ ಕರಗಿದರೆ ಅದು ಆರೋಗ್ಯದ ಲಕ್ಷಣ. ರಾತ್ರಿ ತಣ್ಣಗಾದ ಗಾಜು ಹಗಲಿನಲ್ಲಿ ಬೆಚ್ಚಗಾಯಿತೆಂದಷ್ಟೇ ಅದರ ಅರ್ಥ. ಇಲ್ಲಿಯಾದರೋ ಮಧ್ಯಾಹ್ನ ಎರಡು ಗಂಟೆಗೂ ಸುತ್ತಲೂ ಹನಿಗಳು ಧಾರೆಗಟ್ಟಿ ಇಳಿಯುತ್ತಿದ್ದವು. ಜಲ್ಲಿಯಲ್ಲಿ ಬೆರಳಗಲ ನೀರು ನಿಂತಿತ್ತು. ಸತ್ತ ಒಂದು ಎಲೆಯ ಮೇಲೆ ಅರಳೆಯಂತೆ ಬಿಳಿಯ ಬೂಷ್ಟು ಎದ್ದಿತ್ತು. ಇದು ಗಾಜಿನ ತಂಪಿನ ದೋಷವಲ್ಲ, ನೀರಿನ ಹೆಚ್ಚಳ.

ಅಡಿಗೆಮನೆಯ ತಕ್ಕಡಿಯಲ್ಲಿಟ್ಟಾಗ ಜಾಡಿಯು 4,160 ಗ್ರಾಂ ತೂಗಿತು. ಪ್ರತಿದಿನ ಬೆಳಗ್ಗೆ, ಹನಿಗಳು ಗಾಜಿನ ಮೇಲೆ ಇರುವಾಗಲೇ, ಒಣಬಟ್ಟೆಯಿಂದ ಒಳಗೋಡೆಯನ್ನು ಒರೆಸಿ ಬಟ್ಟೆಯನ್ನು ಹೊರಗೆ ಹಿಂಡುವಂತೆ ಹೇಳಿದೆನು. ಮುಚ್ಚಳವನ್ನು ಸುಮ್ಮನೆ ತೆರೆದಿಡುವುದಕ್ಕಿಂತ ಇದು ಮೇಲು. ಚಿತ್ರದುರ್ಗದ ಒಣಗಾಳಿಯು ಜಾಡಿಗೆ ನುಗ್ಗಿದರೆ ಮಣ್ಣು ಒದ್ದೆಯಾಗಿರುವಾಗಲೇ ಎಳೆಯ ಎಲೆ ಸುಟ್ಟಂತೆ ಒಣಗೀತು. ಸತ್ತ ಎಲೆಯನ್ನು ಬೂಷ್ಟಿನೊಡನೆ ಚಿಮಟಿಗೆಯಿಂದ ತೆಗೆಸಿದೆನು. ಬೂಷ್ಟು ಸತ್ತ ವಸ್ತುವನ್ನು ತಿನ್ನುವವರೆಗೆ ಭಯವಿಲ್ಲ; ಹೊಸದಾಗಿ ಕಟ್ಟಿದ ಜಾಡಿಗಳಲ್ಲಿ ಅದು ಸಾಮಾನ್ಯ. ಹಸಿರು ಕಡ್ಡಿಯ ಬುಡವು ಕಪ್ಪಾಗಿ ಮೆತ್ತಗಾದರೆ, ಅಥವಾ ಜೀವವಿರುವ ಎಲೆಗೆ ಬೂದು ಬಣ್ಣದ ಬೂಷ್ಟು ಹತ್ತಿದರೆ ಮಾತ್ರ ಆ ಗಿಡವನ್ನು ಬುಡಸಹಿತ ತೆಗೆಯಬೇಕು. ಗಿಡದ ಮಣ್ಣಿನಲ್ಲಿ ಜಿಗಿದಾಡುವ ಸ್ಪ್ರಿಂಗ್‌ಟೇಲ್ ಎಂಬ ರವೆಯಷ್ಟು ಸಣ್ಣ ಬಿಳಿಯ ಜೀವಿಗಳು ಕಂಡರೆ ಕೊಲ್ಲತಕ್ಕದ್ದಲ್ಲ. ಬೂಷ್ಟೇ ಅವುಗಳ ಆಹಾರ.

ಹನ್ನೊಂದು ದಿನಗಳಲ್ಲಿ ತೂಕವು 3,970ಕ್ಕೆ ಇಳಿಯಿತು. ಎಂದರೆ 190 ಗ್ರಾಂ, ಹೆಚ್ಚುಕಡಮೆ ಒಂದು ಲೋಟ ನೀರು ಹೊರಬಂದಿತ್ತು. ಅಂದು ಮಂಜು ಬೆಳಗ್ಗೆ ಮೂಡಿ ಹತ್ತು ಗಂಟೆಗೆ ಕರಗಿತು. ಜಲ್ಲಿಯು ಒಣಗಿ ಕಂಡಿತು. ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಜಾಡಿಗೆ ಅಂಟಿಸಲು ಹೇಳಿದೆನು. ಮಂಜು ಹವೆಗೆ ತಕ್ಕಂತೆ ಹೆಚ್ಚಬಹುದು, ಕಡಮೆಯಾಗಬಹುದು. ಮಾಗಿಯಲ್ಲಿ ಒಂದು ಬಗೆ, ಬೇಸಗೆಯಲ್ಲಿ ಇನ್ನೊಂದು. ತೂಕವು ಮಾತ್ರ ಒಳಗಿನ ನೀರು ಎಷ್ಟೆಂಬುದನ್ನು ಹೇಳುತ್ತದೆ. ತೂಕ ಬದಲಾಗದೆ ಮಂಜು ಹೆಚ್ಚಿದರೆ ಜಾಡಿಯನ್ನು ಕಿಟಕಿಯಿಂದ ಒಂದು ಮೊಳ ಈಚೆಗೆ ಸರಿಸಿದರೆ ಸಾಕು. ತೂಕವು 20 ಗ್ರಾಂ ಇಳಿದು, ಮೂರು ನಾಲ್ಕು ದಿನ ಮಂಜೇ ಕಾಣದಿದ್ದರೆ, ನಾಲ್ಕು ಸಣ್ಣ ಚಮಚ ನೀರನ್ನು ಗೋಡೆಯಗುಂಟ ಬಿಡಬೇಕು. ಗಿಡವು ಬೆಳೆದಂತೆ ತೂಕವೂ ತುಸು ಏರುವುದೆಂದು ಶಂಕಿಸಬೇಕಾಗಿಲ್ಲ. ಮುಚ್ಚಿದ ಜಾಡಿಯಲ್ಲಿ ಗಿಡವು ಬೆಳೆಯುವುದು ಒಳಗಿರುವ ನೀರಿನಿಂದಲೂ ಗಾಳಿಯಿಂದಲೂ ಮಣ್ಣಿನಿಂದಲೂ. ಕತ್ತರಿಸಿ ತೆಗೆದ ಎಲೆಯ ತೂಕವನ್ನು ಮಾತ್ರ ಲೆಕ್ಕದಿಂದ ಕಳೆಯತಕ್ಕದ್ದು.

ಮುಂದಿನ ತಿಂಗಳು ಜರೀಗಿಡದ ಬುಡದಲ್ಲಿ ಎರಡು ಸುರುಳಿಗಳು ಬಿಚ್ಚಿಕೊಂಡವು. ತೀರ್ಥಹಳ್ಳಿಯ ಬಾವಿಯು ಈಗ ಮಣ್ಣು ತುಂಬಿ ನೆಲಸಮವಾಗಿದೆ. ಅದರ ಕಲ್ಲಿನ ಗಿಡವು ಚಿತ್ರದುರ್ಗದ ನಡುಮನೆಯಲ್ಲಿ, ತನ್ನ ಒಂದು ಲೋಟ ಮಳೆಯನ್ನೇ ಮತ್ತೆ ಮತ್ತೆ ಸುರಿಸಿಕೊಂಡು ಹಸುರಾಗಿದೆ.