ಮಿಕ್ಸಿಗೆ ಎತ್ತಿದ ದುಡ್ಡು

ನಮ್ಮ ಜಿಲ್ಲಾ ಕಚೇರಿಯಲ್ಲಿ ಪುಟ ಕಟ್ಟುವ ಹುಡುಗನಿಗೆ ಮದುವೆ ಗೊತ್ತಾಯಿತು. ಎಲ್ಲರೂ ಸೇರಿ ಏನಾದರೂ ಕೊಡೋಣ ಅಂದರು. ದುಡ್ಡು ಎತ್ತುವ ಕೆಲಸ ನಾವಿಬ್ಬರು ತಾಲ್ಲೂಕು ವರದಿಗಾರರ ಪಾಲಿಗೆ ಬಂತು. ಮದುಮಗನನ್ನು ಬಿಟ್ಟು ಹತ್ತು ಜನರ ಹೊಸ ವಾಟ್ಸ್ಆ್ಯಪ್ ಗ್ರೂಪ್ ಮಾಡಿದೆವು.

ಲೆಕ್ಕ ಪಾರದರ್ಶಕವಾಗಿರಲಿ ಅಂತ ನಮಗೇ ಹುರುಪು. ದಿನಾ ಪಂಚಾಯ್ತಿ ಲೆಕ್ಕ ಕೇಳುವವರಲ್ಲವೇ ನಾವು! 'ಹೆಸರು, ಮೊತ್ತ ಬರೆದು ಪಟ್ಟಿ ಮುಂದುವರಿಸಿ' ಅಂತ ಹಾಕಿದೆವು. ಮೊದಲು ಹಿರಿಯರೊಬ್ಬರು ಸಾವಿರ ಬರೆದರು. ಆಮೇಲೆ ಒಬ್ಬರ ಹಿಂದೆ ಒಬ್ಬರು ಐನೂರು, ಐನೂರು. ಮೊದಲನೆಯವರು ಇನ್ನೂರು ಬರೆದಿದ್ದರೆ ಪಟ್ಟಿ ಬೇರೆಯೇ ಆಗುತ್ತಿತ್ತು ಅಂತ ಈಗ ಅನಿಸುತ್ತದೆ. ಇಬ್ಬರು ಧೈರ್ಯ ಮಾಡಿ ಮುನ್ನೂರು ಬರೆದರು. ಕೊನೆಗೆ ಇನ್ನೊಂದು ತಾಲ್ಲೂಕಿನ ವರದಿಗಾರರು, ನಾವೆಲ್ಲ ಅಣ್ಣ ಅನ್ನುವವರು, ನೂರು ಅಂತ ಬರೆದರು.

'ಒಂದು ಸೊನ್ನೆ ಮರೆತಿರಾ?' ಅಂತ ಯಾರೋ ಕೇಳಿದರು. ಇನ್ನಿಬ್ಬರು ನಗುವ ಚಿಹ್ನೆ ಒತ್ತಿದರು. ಐದು ನಿಮಿಷದಲ್ಲಿ ಅಣ್ಣ ಆ ಸಾಲು ಅಳಿಸಿದರು. ಸಂಜೆ ನಮ್ಮ ಫೋನ್‌ಪೇಗೆ ಅವರಿಂದ ಐನೂರು ಬಂತು. ನಮಗೆಲ್ಲ ಸುದ್ದಿಗಿಷ್ಟು ಅಂತ ಲೆಕ್ಕ, ತಿಂಗಳ ಸಂಬಳವಿಲ್ಲ. ಆಗ ಅವರಿಗೆ ಮೂರು ತಿಂಗಳ ದುಡ್ಡು ಬಂದಿರಲಿಲ್ಲ. ಆ ಐನೂರನ್ನು ಹೆಂಡತಿಯ ಸಂಘದಿಂದ ಕೈಗಡ ತಂದಿದ್ದರು ಅಂತ ಗೊತ್ತಾಗಿದ್ದು ಆಮೇಲೆ. ನಾನೂರು ವಾಪಸ್ ಕಳಿಸುತ್ತೇವೆ ಅಂದೆವು. 'ಬೇಡ ಕಣ್ರಪ್ಪ, ಅದನ್ನ ಮತ್ತೆ ಎತ್ತಬೇಡಿ' ಅಂದರು.

ಊರಲ್ಲಿ ಚಪ್ಪರದ ಬಾಗಿಲಲ್ಲಿ ಕೂತು ಮುಯ್ಯಿ ಬರೆಯುವುದಿಲ್ಲವೇ ಅಂತ ನೀವು ಕೇಳಬಹುದು. ಬರೆಯುತ್ತಾರೆ. ಅಲ್ಲಿ ಮೊತ್ತ ಬರೆಯುವುದಕ್ಕೆ ಕಾರಣವಿದೆ. ಮುಯ್ಯಿ ಅಂದರೆ ತೀರಿಸಬೇಕಾದದ್ದು. ನಾಳೆ ಅವರ ಮನೆ ಮದುವೆಗೆ ಪುಸ್ತಕ ತೆಗೆದು ನೋಡಿ, ಅಷ್ಟೋ ಅದಕ್ಕಿಂತ ಹೆಚ್ಚೋ ಹಾಕಬೇಕು. ಆ ಪುಸ್ತಕ ಮದುವೆ ಮನೆಯ ಪೆಟ್ಟಿಗೆಯಲ್ಲಿರುತ್ತದೆ, ಕೊಟ್ಟವರೆಲ್ಲರ ಕೈಗೆ ಹೋಗುವುದಿಲ್ಲ. ಕಚೇರಿಯ ಉಡುಗೊರೆ ಹಾಗಲ್ಲ, ಎಲ್ಲರದ್ದೂ ಸೇರಿ ಒಂದೇ ಪೆಟ್ಟಿಗೆ. ಯಾರು ಎಷ್ಟು ಕೊಟ್ಟರು ಅನ್ನುವುದು ಕೊಟ್ಟವರಿಗೂ ಇಸಕೊಂಡವರಿಗೂ ಗೊತ್ತಿದ್ದರೆ ಸಾಕು. ಒಟ್ಟು ಎಷ್ಟು ಬಂತು, ಏನಕ್ಕೆ ಹೋಯಿತು ಅನ್ನುವುದನ್ನು ಮಾತ್ರ ಎಲ್ಲರಿಗೂ ತೋರಿಸಬೇಕು. ನಾವು ಎರಡನ್ನೂ ಕಲಸಿಬಿಟ್ಟಿದ್ದೆವು.

ಖರ್ಚಿನ ಲೆಕ್ಕ ಮಾತ್ರ ಸರಿಯಾಗಿಯೇ ಇತ್ತು. ಗ್ರೂಪಿನ ಹತ್ತು ಜನರಿಂದ 5,100. ಪೇಪರ್ ವ್ಯಾನಿನ ಚಾಲಕರದ್ದು ಕೀಪ್ಯಾಡ್ ಫೋನು, ಗ್ರೂಪಿನಲ್ಲಿಲ್ಲ. ಕೈಗೆ 50 ಕೊಟ್ಟು 'ಬರೀಬೇಡಿ' ಅಂದರು. ಒಟ್ಟು 5,150. ಚೌಕಾಸಿ ಮಾಡಿ ಮಿಕ್ಸಿ 4,350, ಬಣ್ಣದ ಕಾಗದ ಸುತ್ತಿಸಿದ್ದು 70, ಮುಯ್ಯಿ ಕವರ್ 10. ಕವರಿಗೆ 701 ಹಾಕಿದೆವು. ಉಳಿದದ್ದು 19 ರೂಪಾಯಿ, ಅದನ್ನೂ ಬರೆದೆವು.

ನಡುವೆ ಒಂದು ತಾಪತ್ರಯ. ಒಬ್ಬರು 'ಕಳಿಸಿದ್ದೀನಿ' ಅಂತ ಸ್ಕ್ರೀನ್‌ಶಾಟ್ ಹಾಕಿದರು, ನಮ್ಮ ಖಾತೆಗೆ ಬಂದಿರಲಿಲ್ಲ. ನೋಡಿದರೆ ಅದರಲ್ಲಿ ಇನ್ನೂ 'ಪೆಂಡಿಂಗ್' ಅಂತಿತ್ತು. ಹನ್ನೆರಡು ಅಂಕಿಯ ಯುಟಿಆರ್ ಸಂಖ್ಯೆ ಇಸಕೊಂಡೆವು. ಮಾರನೇ ದಿನ ದುಡ್ಡು ಬಂದಾಗ ನಮ್ಮ ಬ್ಯಾಂಕ್ ಲೆಕ್ಕದಲ್ಲಿ ಅದೇ ಸಂಖ್ಯೆ ನೋಡಿ ಟಿಕ್ ಹಾಕಿದೆವು. ಸ್ಕ್ರೀನ್‌ಶಾಟ್ ನಂಬಿದ್ದರೆ, ಬರದೇ ಹೋದಾಗ ಕೈಯಿಂದ ಹಾಕಬೇಕಿತ್ತು.

ಎರಡು ತಿಂಗಳಿಗೆ ಜಾಹೀರಾತು ವಿಭಾಗದ ಹುಡುಗಿಯ ಮದುವೆ ಬಂತು. ಈ ಸಲ ಗ್ರೂಪಿನಲ್ಲಿ ಬರೀ ಹೆಸರು, ಪಕ್ಕದಲ್ಲಿ ಟಿಕ್. ಬಂದ ಮೊತ್ತವನ್ನು ಕೊಟ್ಟವರಿಗೆ ಖಾಸಗಿಯಾಗಿ ಬರೆದು ಖಚಿತ ಮಾಡಿದೆವು. ಮೊದಲೆರಡು ದಿನ ಉತ್ಸಾಹದಲ್ಲಿ 'ಇಷ್ಟಾಯಿತು' ಅಂತ ಒಟ್ಟು ಮೊತ್ತ ಹಾಕುತ್ತಿದ್ದೆವು. ನಿನ್ನೆಯದನ್ನು ಇವತ್ತಿನದರಲ್ಲಿ ಕಳೆದರೆ ಹೊಸ ಟಿಕ್‌ನವರು ಎಷ್ಟು ಕೊಟ್ಟರು ಅಂತ ಗೊತ್ತಾಗಿಬಿಡುತ್ತದೆ ಅಂತ ಹೊಳೆದ ಮೇಲೆ ನಿಲ್ಲಿಸಿದೆವು. ಒಟ್ಟು ಮೊತ್ತ, ಅಂಗಡಿ ಬಿಲ್ಲಿನ ಫೋಟೊ ಎರಡನ್ನೂ ಕೊನೆಗೆ ಒಂದೇ ಸಲ ಹಾಕಿದೆವು. ದುಡ್ಡು ಒಬ್ಬರ ಫೋನಿಗೆ, ಪುಸ್ತಕ ಇನ್ನೊಬ್ಬರ ಹತ್ತಿರ. ಬಿಲ್ಲಿಗೆ ಮುಂಚೆ ಇಬ್ಬರೂ ಕೂತು ತಾಳೆ ನೋಡಿದೆವು. ನಾವಿಬ್ಬರೇ ತಿಂದರೆ ಯಾರು ಕೇಳುತ್ತಾರೆ ಅಂತ ಹಿರಿಯರು ಕೇಳಿದರು. ಹೌದಲ್ಲ! ಬೇಕಾದರೆ ನೀವು ಬಂದು ಪುಸ್ತಕ ನೋಡಿ ಅಂದೆವು. ಅವರು ಬಂದು ನೋಡಿಯೇ ಹೋದರು, ಯಾರಿಗೂ ಏನೂ ಹೇಳಲಿಲ್ಲ.

ಅಣ್ಣ ಆ ಸಲ ರಾತ್ರಿ ಹತ್ತಕ್ಕೆ ನೂರೈವತ್ತು ಕಳಿಸಿದರು. 'ಬಂತು ಅಣ್ಣ' ಅಂತ ಬರೆದೆವು. ಗ್ರೂಪಿನಲ್ಲಿ ಅವರ ಹೆಸರಿನ ಮುಂದೆ ಟಿಕ್ ಹಾಕಿದೆವು.