ಒಂದು ಬಕೆಟ್ ನೀರಿನ ಪರೀಕ್ಷೆ

ಮನೆ ಕಟ್ಟಿ ನೋಡು ಎಂದರು ಹಿಂದಿನವರು. ಬೇರೆಯವರು ಕಟ್ಟಿದ ಫ್ಲ್ಯಾಟ್ ಕೊಳ್ಳುವವರಿಗೆ ಉಳಿಯುವುದು ನೋಡುವ ಕೆಲಸವೊಂದೇ. ಅದನ್ನಾದರೂ ಸರಿಯಾಗಿ ಮಾಡಬೇಕೆಂದು ಬೆಂಗಳೂರಿನ ನಿವೃತ್ತ ಮೇಷ್ಟ್ರೊಬ್ಬರು ಬೀಗದ ಕೈ ಪಡೆಯುವ ಮುನ್ನ ಹೆಂಡತಿಯೊಂದಿಗೆ ಹೊರಟರು. ಕೈಯಲ್ಲಿ ಬಕೆಟ್, ಚೀಲದಲ್ಲಿ ಒಂದು ನಾಣ್ಯ, ಸೀಮೆಸುಣ್ಣ, ಮೊಬೈಲ್ ಚಾರ್ಜರ್, ಹಳೆಯ ದಿನಪತ್ರಿಕೆ.

ಹಾಲಿನಲ್ಲಿ ಮೇಷ್ಟ್ರು ಟೈಲ್ಸ್ ಮೇಲೆಲ್ಲ ನಾಣ್ಯ ಕುಟ್ಟಿದರು. ಗಟ್ಟಿಯಾಗಿ ಕೂತದ್ದು 'ಟಕ್' ಎನ್ನುತ್ತದೆ. ಅಡಿಯಲ್ಲಿ ಗಾರೆ ತುಂಬದಿದ್ದರೆ ಟೊಳ್ಳು ದನಿ ಬರುತ್ತದೆ. ಭಾರದ ಬೀರು ಬಂದು ಕೂತರೆ ಅದು ಬಿರುಕು ಬಿಡಬಹುದು. ಅಂಥವು ಮೂರು ಸಿಕ್ಕವು, ಸೀಮೆಸುಣ್ಣದ ಗುರುತು ಬಿತ್ತು. ಮಲಗುವ ಕೋಣೆಯಲ್ಲಿ ಪ್ರತಿ ಪ್ಲಗ್ಗಿಗೂ ಚಾರ್ಜರ್ ಚುಚ್ಚಿದ್ದಾಯಿತು. ಬಾಗಿಲನ್ನು ಅರ್ಧ ತೆರೆದು ಬಿಟ್ಟರು. ಅದು ತಾನಾಗಿ ಚಲಿಸಿದರೆ ಚೌಕಟ್ಟು ನೆಟ್ಟಗಿಲ್ಲವೆಂದೇ ಅರ್ಥ. ಅಡಿಗೆಮನೆಯಲ್ಲಿ ಅವರ ಹೆಂಡತಿ ಸಿಂಕ್ ತುಂಬಿಸಿ, ಕೆಳಗೆ ಪತ್ರಿಕೆ ಹಾಸಿ, ಒಮ್ಮೆಲೇ ನೀರು ಬಿಟ್ಟರು. ಪತ್ರಿಕೆ ಒಣಗಿಯೇ ಇತ್ತು.

ಅಸಲು ಪರೀಕ್ಷೆ ಬಚ್ಚಲುಮನೆಯದು. ನೆಲಕ್ಕೆ ಬಕೆಟ್ ನೀರು ಸುರಿದರೆ ಅದು ಜಾಲರಿಯತ್ತ ಓಡಬೇಕು. ಮೀಟರಿಗೆ ಸುಮಾರು 1 ಸೆಂಟಿಮೀಟರ್ ಇಳಿಜಾರು ಇದ್ದರೆ ಸಾಕು. ನೀರು ಓಡಿತು. ಆಮೇಲೆ ಮೇಷ್ಟ್ರು ಜಾಲರಿಗೆ ಬಟ್ಟೆ ಬಿಗಿದು, ಒಂದು ಅಂಗುಲ ನೀರು ನಿಲ್ಲಿಸಿ, ಬಾಗಿಲಿಗೆ ಬೀಗ ಹಾಕಿಸಿದರು.

ಮರುದಿನ, 24 ಗಂಟೆಯ ನಂತರ, ಅವರು ಮೊದಲು ನೋಡಿದ್ದು ಕೆಳಗಿನ ಖಾಲಿ ಫ್ಲ್ಯಾಟಿನ ತಾರಸಿಯನ್ನು. ಪೈಪು ಇಳಿದು ಬಂದ ಜಾಗದ ಸುತ್ತ ತಟ್ಟೆಯಗಲ ತೇವ! ನೀರನ್ನು ತಡೆಯುವುದು ಟೈಲ್ಸ್ ಅಲ್ಲ, ಅದರಡಿಯ ಜಲನಿರೋಧಕ ಪದರ. ಪೈಪಿಗಾಗಿ ಆಮೇಲೆ ತೂತು ಕೊರೆದಲ್ಲಿ ಅದು ಹರಿದಿತ್ತು.

"ಪುಟ್ಟಿ ಹಾಕಿ ಬಣ್ಣ ಹೊಡೆಸಿಬಿಡ್ತೀವಿ ಸಾರ್" ಎಂದ ಸೈಟ್ ಎಂಜಿನಿಯರ್.

"ನೀರು ಸೋರೋದು ಮೇಲೆ, ಬಣ್ಣ ಬಳಿಯೋದು ಕೆಳಗಾ?" ಎಂದರು ಮೇಷ್ಟ್ರ ಹೆಂಡತಿ.

ಎಂಜಿನಿಯರ್ ನಕ್ಕು ಒಪ್ಪಿದ. ಪೈಪಿನ ಸುತ್ತಲ ಟೈಲ್ಸ್ ಕಿತ್ತು, ಸಂದು ಮುಚ್ಚಿ, ಪದರವನ್ನು ಮತ್ತೆ ಬಳಿದರು. ಅದು ಒಣಗಿದ ಮೇಲೆ, ಟೈಲ್ಸ್ ಕೂರಿಸುವ ಮೊದಲೇ, ಇನ್ನೊಮ್ಮೆ 24 ಗಂಟೆ ನೀರು ನಿಲ್ಲಿಸಿದರು. ಈ ಸಲ ಕೆಳಗಿನ ತಾರಸಿ ಒಣಗಿತ್ತು. ಸಂಸಾರ ಹೂಡಿದ ಮೇಲೆ ಸೋರಿದ್ದರೆ ಬಚ್ಚಲನ್ನು ಅಗೆಸುವುದರ ಜೊತೆಗೆ ಕೆಳಮನೆಯವರ ನಿಷ್ಠುರವನ್ನೂ ಕಟ್ಟಿಕೊಳ್ಳಬೇಕಿತ್ತು.

ಗೋಡೆಯೊಳಗಿನ ನಲ್ಲಿ ಪೈಪು ಸೋರುವುದು ಈ ಪರೀಕ್ಷೆಗೆ ಸಿಗದು. ಅಂಥದ್ದು ಆಮೇಲೆ ಕಂಡರೂ ದಾರಿಯಿದೆ. 2016ರ ರೇರಾ ಕಾಯಿದೆಯ ಪ್ರಕಾರ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ತಿಳಿಸಿದ ಕಾಮಗಾರಿಯ ದೋಷವನ್ನು ಬಿಲ್ಡರ್ 30 ದಿನದಲ್ಲಿ ಪುಕ್ಕಟೆಯಾಗಿ ಸರಿಪಡಿಸಬೇಕು. ಆದ್ದರಿಂದಲೇ ಮೇಷ್ಟ್ರು, 'ಯಾವ ದೂರೂ ಇಲ್ಲ' ಎಂದು ಅಚ್ಚಾಗಿದ್ದ ಸಾಲನ್ನು ಹೊಡೆದುಹಾಕಿಸಿ, ದೋಷಗಳ ಪಟ್ಟಿಯ ಎರಡು ಪ್ರತಿಗೂ ತಾರೀಖಿನೊಂದಿಗೆ ಎಂಜಿನಿಯರನ ಸಹಿ ಪಡೆದು, ಆಮೇಲೆ ತಮ್ಮ ಸಹಿ ಹಾಕಿದರು.